ಪರಿಷೆಗೆ ಹೋಗೋಣ: ಲಿಂಗ, ವಚನ ಬದಲಿಸುವ ಅಭ್ಯಾಸ (ಏಳನೇ ತರಗತಿ)

ಮಕ್ಕಳೇ, ಈ ಹಾಳೆಯ ವಾಕ್ಯಗಳೆಲ್ಲ ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆಯವು. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಸುತ್ತ ನಡೆಯುವ ಜಾತ್ರೆ ಅದು. ನಿಮ್ಮಲ್ಲಿ ಕೆಲವರು ಅಲ್ಲಿ ಓಡಾಡಿರುತ್ತೀರಿ, ಅಲ್ವಾ? ಆ ಗದ್ದಲವನ್ನು ನೆನೆಸಿಕೊಂಡೇ ಬರೆಯಿರಿ.

ಶುರು ಮಾಡುವ ಮೊದಲು ಒಂದು ಮಾತು. ನಾಮಪದ ಬದಲಿಸಿದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಕನ್ನಡದಲ್ಲಿ ಲಿಂಗ, ವಚನ ಎರಡೂ ಕ್ರಿಯಾಪದದ ತುದಿಯಲ್ಲಿ ಕಾಣುತ್ತವೆ. ಹುಡುಗ ಬಂದನು, ಹುಡುಗಿ ಬಂದಳು, ಹಸು ಬಂದಿತು. ಬಹುವಚನಕ್ಕೆ ಹೋದರೆ ಈ ಮೂರು ಎರಡಾಗುತ್ತವೆ. ಮನುಷ್ಯರಾದರೆ ಗಂಡಾಗಲಿ ಹೆಣ್ಣಾಗಲಿ ‘ಬಂದರು’. ಪ್ರಾಣಿ, ವಸ್ತುಗಳಾದರೆ ‘ಬಂದವು’. ಆದ್ದರಿಂದ ಮೊದಲು ಕರ್ತೃ ಯಾರು ಎಂದು ಹುಡುಕಿ, ಆಮೇಲೆ ವಾಕ್ಯದ ಕೊನೆಗೆ ಕಣ್ಣು ಹಾಯಿಸಿ.

ಅಭ್ಯಾಸ 1. ಬಹುವಚನಕ್ಕೆ ಬದಲಿಸಿ

ಮಾದರಿ: ರೈತನು ಮೂಟೆಯನ್ನು ಇಳಿಸಿದನು. – ರೈತರು ಮೂಟೆಗಳನ್ನು ಇಳಿಸಿದರು.

1. ಹುಡುಗಿಯು ಬಲೂನನ್ನು ಕೊಂಡಳು.
2. ಎತ್ತು ಗಾಡಿಯನ್ನು ಎಳೆಯುತ್ತದೆ.
3. ನನ್ನ ಅಣ್ಣನು ಸಾಲಿನಲ್ಲಿ ನಿಂತನು.
4. ಮಗು ಪೀಪಿ ಊದಿತು.
5. ನಾನು ಹುರಿದ ಕಡಲೆಕಾಯಿ ತಿಂದೆನು.
6. ನೀನು ಯಾವಾಗ ಬಂದೆ?
7. ಒಬ್ಬ ವ್ಯಾಪಾರಿ ಜೋರಾಗಿ ಕೂಗುತ್ತಿದ್ದನು.
8. ಮಳೆ ಬಂದರೂ ಅವಳು ಅಂಗಡಿಯನ್ನು ಮುಚ್ಚಲಿಲ್ಲ.
9. ತಾತ ಗುಡಿಯಿಂದ ಬಂದರು.

ಅಭ್ಯಾಸ 2. ಏಕವಚನಕ್ಕೆ ಬದಲಿಸಿ

ಇಲ್ಲಿ ಒಂದೊಂದು ಕಡೆ ಎರಡು ಉತ್ತರ ಬರಬಹುದು. ಬಂದರೆ ಎರಡನ್ನೂ ಬರೆಯಿರಿ.

1. ದೀಪಗಳು ಹೊಳೆಯುತ್ತಿದ್ದವು.
2. ಗೆಳತಿಯರು ನನಗಾಗಿ ಕಾಯುತ್ತಿದ್ದರು.
3. ಅವರು ಕಲಾವಿದರು.
4. ಈ ಕಾಯಿಗಳು ಇನ್ನೂ ಹಸಿಯಾಗಿವೆ.
5. ಮಕ್ಕಳು ರಾಟೆ ತೊಟ್ಟಿಲು ಹತ್ತಿದರು.

ಅಭ್ಯಾಸ 3. ಲಿಂಗ ಬದಲಿಸಿ

ಗಂಡಿದ್ದರೆ ಹೆಣ್ಣು, ಹೆಣ್ಣಿದ್ದರೆ ಗಂಡು ಮಾಡಿ. ವಚನವನ್ನು ಮುಟ್ಟಬೇಡಿ.

1. ಗಾಯಕನು ವೇದಿಕೆ ಹತ್ತಿದನು.
2. ಹೂವಾಡಗಿತ್ತಿ ಮಲ್ಲಿಗೆ ಕಟ್ಟುತ್ತಾಳೆ.
3. ಆ ಮುದುಕನು ತನ್ನ ಚೀಲವನ್ನು ಹುಡುಕಿದನು.
4. ಜಾಣನಾದ ತಮ್ಮನು ಚೌಕಾಸಿ ಮಾಡಿದನು.
5. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೇಳಿದನು.
6. ಕವಿಯು ಒಬ್ಬನೇ ಕುಳಿತು ಪದ್ಯ ಓದಿದನು.
7. ಎತ್ತು ಗುಡಿಯ ಬಳಿ ನಿಂತಿತ್ತು.

ಅಭ್ಯಾಸ 4. ಇಡೀ ಭಾಗವನ್ನು ಎರಡು ಸಲ ಬರೆಯಿರಿ

ಇದಕ್ಕೆ ಜಾಸ್ತಿ ಸಮಯ ಕೊಡಿ. ಮೊದಲ ಸಲ ರೈತನನ್ನು ಹೆಣ್ಣಾಗಿ ಮಾಡಿ. ಎರಡನೇ ಸಲ ಮೂಲವನ್ನೇ ಬಹುವಚನಕ್ಕೆ ತನ್ನಿ.

ಒಬ್ಬ ರೈತನು ಮಾಗಡಿಯಿಂದ ಬಂದನು. ತಾನೇ ಬೆಳೆದ ಕಾಯಿಯನ್ನು ರಾಶಿ ಹಾಕಿದನು. ಮೊದಲ ಹಿಡಿಯನ್ನು ಬಸವಣ್ಣನಿಗೆ ಅರ್ಪಿಸಿದನು. ಆಮೇಲೆ ಸೇರು ಹಿಡಿದು ಅಳೆಯಲು ಕುಳಿತನು. ನಡುರಾತ್ರಿಯಾದರೂ ಅವನಿಗೆ ನಿದ್ದೆ ಬರಲಿಲ್ಲ. ಅವನ ಕೈ ನೋಯುತ್ತಿತ್ತು.

ಅಭ್ಯಾಸ 5. ತಪ್ಪು ಎಲ್ಲಿದೆ? ತಿದ್ದಿ ಬರೆಯಿರಿ

1. ಹಸುಗಳು ಗುಡಿಯ ಹತ್ತಿರ ಬಂದರು.
2. ಎರಡು ಹುಡುಗರು ದಾರಿ ತಪ್ಪಿದರು.
3. ಆ ಮಗು ನನ್ನನ್ನು ನೋಡಿ ನಕ್ಕಳು.
4. ಅಕ್ಕಗಳು ಬಳೆ ಕೊಂಡರು.

ಉತ್ತರಗಳು ಕೆಳಗಿವೆ. ಬರೆದು ಮುಗಿಸಿದ ಮೇಲೇ ನೋಡಿ. ಸುಮ್ನೆ ನೋಡಿ ಬರೆದರೆ ಕೈಗಷ್ಟೇ ಕೆಲಸ.

ಉತ್ತರಗಳು: ಅಭ್ಯಾಸ 1

1. ಹುಡುಗಿಯರು ಬಲೂನುಗಳನ್ನು ಕೊಂಡರು.
2. ಎತ್ತುಗಳು ಗಾಡಿಗಳನ್ನು ಎಳೆಯುತ್ತವೆ. ಎಲ್ಲ ಎತ್ತುಗಳೂ ಸೇರಿ ಒಂದೇ ಗಾಡಿ ಎಳೆಯುತ್ತವೆ ಎಂದುಕೊಂಡು ‘ಗಾಡಿಯನ್ನು’ ಎಂದೇ ಉಳಿಸಿದ್ದರೆ ಅದೂ ಸರಿ. ಕರ್ಮಪದ ಬದಲಾದರೂ ಆಗದಿದ್ದರೂ ಕ್ರಿಯಾಪದ ಕರ್ತೃವಿನ ಹಿಂದೆಯೇ ಹೋಗುತ್ತದೆ.
3. ನನ್ನ ಅಣ್ಣಂದಿರು ಸಾಲಿನಲ್ಲಿ ನಿಂತರು.
4. ಮಕ್ಕಳು ಪೀಪಿ ಊದಿದರು. ಒಂದು ಮಗು ನಪುಂಸಕಲಿಂಗ, ಅದಕ್ಕೇ ‘ಊದಿತು’. ಮಕ್ಕಳಾದ ಕೂಡಲೇ ‘ಊದಿದರು’. ‘ಊದಿದವು’ ಎಂದು ಬರೆದವರು ಇಲ್ಲಿ ಸ್ವಲ್ಪ ನಿಂತು ಯೋಚಿಸಿ.
5. ನಾವು ಹುರಿದ ಕಡಲೆಕಾಯಿ ತಿಂದೆವು. ಗಂಡು ಹೇಳಿದರೂ ಹೆಣ್ಣು ಹೇಳಿದರೂ ಇದೇ ರೂಪ.
6. ನೀವು ಯಾವಾಗ ಬಂದಿರಿ?
7. ಹಲವು ವ್ಯಾಪಾರಿಗಳು ಜೋರಾಗಿ ಕೂಗುತ್ತಿದ್ದರು. ‘ಒಬ್ಬ’ ಎಂಬುದನ್ನು ಹಾಗೇ ಬಿಟ್ಟರೆ ವಾಕ್ಯ ಕೂಡುವುದಿಲ್ಲ.
8. ಮಳೆ ಬಂದರೂ ಅವರು ಅಂಗಡಿಗಳನ್ನು ಮುಚ್ಚಲಿಲ್ಲ. ‘ಲಿಲ್ಲ’ ಎಂದು ಮುಗಿಯುವ ಕ್ರಿಯಾಪದ ಯಾರಿಗೂ ಬದಲಾಗುವುದಿಲ್ಲ. ‘ಬಂದರೂ’ ನೋಡಿ ಮೋಸ ಹೋಗಬೇಡಿ, ಅದು ಬಹುವಚನವಲ್ಲ.
9. ತಾತಂದಿರು ಗುಡಿಯಿಂದ ಬಂದರು. ತಾತ ಒಬ್ಬರೇ ಇದ್ದಾಗಲೂ ಗೌರವಕ್ಕೆ ‘ಬಂದರು’ ಎನ್ನುತ್ತೇವೆ. ಹಾಗಾಗಿ ಇಲ್ಲಿ ನಾಮಪದ ಮಾತ್ರ ಬದಲಾಯಿತು.

ಅಭ್ಯಾಸ 2

1. ದೀಪವು ಹೊಳೆಯುತ್ತಿತ್ತು.
2. ಗೆಳತಿಯು ನನಗಾಗಿ ಕಾಯುತ್ತಿದ್ದಳು.
3. ಅವನು ಕಲಾವಿದ. ಅವಳು ಕಲಾವಿದೆ. ‘ಅವರು’ ಎಂದಾಗ ಅಡಗಿದ್ದ ಲಿಂಗ ಏಕವಚನಕ್ಕೆ ಬಂದಾಗ ಹೊರಬರುತ್ತದೆ. ಒಂದೇ ಉತ್ತರ ಬರೆದವರಿಗೆ ಅರ್ಧ ಅಂಕ.
4. ಈ ಕಾಯಿ ಇನ್ನೂ ಹಸಿಯಾಗಿದೆ. ‘ಈ’ ಬದಲಾಗುವುದಿಲ್ಲ.
5. ಮಗು ರಾಟೆ ತೊಟ್ಟಿಲು ಹತ್ತಿತು.

ಅಭ್ಯಾಸ 3

1. ಗಾಯಕಿಯು ವೇದಿಕೆ ಹತ್ತಿದಳು.
2. ಹೂವಾಡಿಗ ಮಲ್ಲಿಗೆ ಕಟ್ಟುತ್ತಾನೆ.
3. ಆ ಮುದುಕಿಯು ತನ್ನ ಚೀಲವನ್ನು ಹುಡುಕಿದಳು. ‘ತನ್ನ’ ಇಬ್ಬರಿಗೂ ಒಂದೇ.
4. ಜಾಣೆಯಾದ ತಂಗಿಯು ಚೌಕಾಸಿ ಮಾಡಿದಳು.
5. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೇಳಿದಳು. ಡಾಕ್ಟರ್, ಡ್ರೈವರ್ ಕೂಡ ಹೀಗೆಯೇ. ಹೆಸರು ಹಾಗೇ ಇರುತ್ತದೆ, ಹೆಣ್ಣೆಂದು ತಿಳಿಸುವುದು ಕ್ರಿಯಾಪದ.
6. ಕವಯಿತ್ರಿಯು ಒಬ್ಬಳೇ ಕುಳಿತು ಪದ್ಯ ಓದಿದಳು.
7. ಹಸು ಗುಡಿಯ ಬಳಿ ನಿಂತಿತ್ತು. ಎತ್ತು ಗಂಡು, ಹಸು ಹೆಣ್ಣು, ನಿಜ. ಆದರೆ ವ್ಯಾಕರಣದಲ್ಲಿ ಎರಡೂ ನಪುಂಸಕಲಿಂಗ. ಕೋಣ–ಎಮ್ಮೆ, ಹುಂಜ–ಹೇಂಟೆ, ಟಗರು–ಕುರಿ ಕೂಡ ಹೀಗೆಯೇ.

ಅಭ್ಯಾಸ 4

ಹೆಣ್ಣಾಗಿ: ಒಬ್ಬಳು ರೈತ ಮಹಿಳೆ ಮಾಗಡಿಯಿಂದ ಬಂದಳು. ತಾನೇ ಬೆಳೆದ ಕಾಯಿಯನ್ನು ರಾಶಿ ಹಾಕಿದಳು. ಮೊದಲ ಹಿಡಿಯನ್ನು ಬಸವಣ್ಣನಿಗೆ ಅರ್ಪಿಸಿದಳು. ಆಮೇಲೆ ಸೇರು ಹಿಡಿದು ಅಳೆಯಲು ಕುಳಿತಳು. ನಡುರಾತ್ರಿಯಾದರೂ ಅವಳಿಗೆ ನಿದ್ದೆ ಬರಲಿಲ್ಲ. ಅವಳ ಕೈ ನೋಯುತ್ತಿತ್ತು.

ಬಹುವಚನದಲ್ಲಿ: ಹಲವು ರೈತರು ಮಾಗಡಿಯಿಂದ ಬಂದರು. ತಾವೇ ಬೆಳೆದ ಕಾಯಿಗಳನ್ನು ರಾಶಿ ಹಾಕಿದರು. ಮೊದಲ ಹಿಡಿಯನ್ನು ಬಸವಣ್ಣನಿಗೆ ಅರ್ಪಿಸಿದರು. ಆಮೇಲೆ ಸೇರು ಹಿಡಿದು ಅಳೆಯಲು ಕುಳಿತರು. ನಡುರಾತ್ರಿಯಾದರೂ ಅವರಿಗೆ ನಿದ್ದೆ ಬರಲಿಲ್ಲ. ಅವರ ಕೈಗಳು ನೋಯುತ್ತಿದ್ದವು.

ಕೊನೆಯ ವಾಕ್ಯವನ್ನು ‘ನೋಯುತ್ತಿದ್ದಳು’, ‘ನೋಯುತ್ತಿದ್ದರು’ ಎಂದು ಬರೆದುಬಿಡುವುದು ಸುಲಭ. ನೋಯುವುದು ಕೈ, ರೈತ ಅಲ್ಲ. ಕೈ ನಪುಂಸಕಲಿಂಗ. ರೈತ ಗಂಡಾದರೂ ಹೆಣ್ಣಾದರೂ ಅದು ‘ನೋಯುತ್ತಿತ್ತು’. ‘ತಾನೇ’ ಬಹುವಚನದಲ್ಲಿ ‘ತಾವೇ’ ಆಗಿದ್ದನ್ನೂ ಗಮನಿಸಿ. ಬಹಳ ಜನ ಮರೆಯುವ ಜಾಗ ಅದು.

ಅಭ್ಯಾಸ 5

1. ಹಸುಗಳು ಗುಡಿಯ ಹತ್ತಿರ ಬಂದವು.
2. ಇಬ್ಬರು ಹುಡುಗರು ದಾರಿ ತಪ್ಪಿದರು. ಮನುಷ್ಯರನ್ನು ಒಬ್ಬ, ಇಬ್ಬರು, ಮೂವರು ಎಂದು ಎಣಿಸುತ್ತೇವೆ. ಎರಡು, ಮೂರು ವಸ್ತುಗಳಿಗೆ, ಪ್ರಾಣಿಗಳಿಗೆ.
3. ಆ ಮಗು ನನ್ನನ್ನು ನೋಡಿ ನಕ್ಕಿತು. ಮನೆಯಲ್ಲಿ ಪುಟ್ಟ ತಂಗಿಯನ್ನು ‘ನಕ್ಕಳು’ ಅನ್ನಿ, ತಪ್ಪಿಲ್ಲ. ‘ಮಗು’ ಎಂದು ಬರೆದ ಮೇಲೆ ಮಾತ್ರ ‘ನಕ್ಕಿತು’.
4. ಅಕ್ಕಂದಿರು ಬಳೆ ಕೊಂಡರು. ನೆಂಟರಿಗೆ ‘ಗಳು’ ಹಚ್ಚುವುದಿಲ್ಲ: ಅಣ್ಣಂದಿರು, ತಮ್ಮಂದಿರು, ತಾಯಂದಿರು, ತಂಗಿಯರು, ಅತ್ತೆಯರು.