ಆರ್ಗ್ಯಾನಿಕ್ ಮೆಕ್ಯಾನಿಸಂ ಕಿರುಪರೀಕ್ಷೆ

ಬಿಎಸ್‌ಸಿ, 4ನೇ ಸೆಮಿಸ್ಟರ್. 20 ಅಂಕ, 45 ನಿಮಿಷ.

ಬಾಣ ಯಾವಾಗಲೂ ಎಲೆಕ್ಟ್ರಾನ್ ಇರುವ ಕಡೆಯಿಂದಲೇ ಹೊರಡಬೇಕು, ಅಂದರೆ ಒಂಟಿ ಜೋಡಿಯಿಂದ ಇಲ್ಲವೇ ಬಂಧದಿಂದ. H⁺ ಇಂದ ಬಾಣ ಎಳೆದರೆ ಆ ಹಂತಕ್ಕೆ ಅಂಕ ಇಲ್ಲ. ಕೊನೆಯ ಉತ್ಪನ್ನ ತಪ್ಪಾದರೂ ಸರಿಯಾದ ಬಾಣಗಳ ಅಂಕ ಖಂಡಿತ ಸಿಗುತ್ತದೆ, ಹಾಗಾಗಿ ಯಾವ ಪ್ರಶ್ನೆಯನ್ನೂ ಸುಮ್ನೆ ಬಿಡಬೇಡಿ.

1. (S)-2-ಬ್ರೋಮೋಬ್ಯುಟೇನ್, NaN₃, DMF. ಇದರಲ್ಲಿ ಇಂಟರ್‌ಮೀಡಿಯೆಟ್ ಇದೆಯೇ? ಯೋಚಿಸಿ ಬರೆಯಿರಿ. (ಬಾಣ 2, ಟ್ರಾನ್ಸಿಷನ್ ಸ್ಟೇಟ್ 1, ಉತ್ಪನ್ನ R ಅಥವಾ S 1)

2. 3-ಮೀಥೈಲ್-1-ಬ್ಯುಟೀನ್‌ಗೆ HBr ಸೇರಿಸಿದಾಗ 2-ಬ್ರೋಮೋ-2-ಮೀಥೈಲ್‌ಬ್ಯುಟೇನ್ ಜಾಸ್ತಿ ಬರುತ್ತದೆ. ಬ್ರೋಮಿನ್ ಪಕ್ಕದ ಕಾರ್ಬನ್‌ಗೆ ಹೋಗಿದ್ದು ಹೇಗೆ? ಹೈಡ್ರೈಡ್ ಜಾಗ ಬದಲಿಸುವ ಬಾಣ C–H ಬಂಧದ ನಡುವಿನಿಂದ ಶುರುವಾಗಲಿ, H ಅಕ್ಷರದಿಂದಲ್ಲ. ಪ್ರತಿ ವರ್ಷ ಜಾಸ್ತಿ ಅಂಕ ಹೋಗುವುದು ಇಲ್ಲೇ. (4 ಬಾಣಕ್ಕೆ 4, ಎರಡು ಕಾರ್ಬೋಕ್ಯಾಟಯಾನ್‌ಗೆ 2)

3. ಎಥನಾಲ್, ಅಂದರೆ CH₃CHO (ಆಲ್ಕೋಹಾಲ್ ಅಲ್ಲ, ನೋಡಿಕೊಳ್ಳಿ), ತಣ್ಣಗಿನ ತೆಳು NaOH. 3-ಹೈಡ್ರಾಕ್ಸಿಬ್ಯುಟನಾಲ್‌ಗೆ ನಿಲ್ಲಿಸಿ, ನೀರು ಹೊರಹೋಗುವ ಹಂತ ಬೇಡ. (8 ಬಾಣಕ್ಕೆ ತಲಾ ½, ಇನೋಲೇಟ್‌ನ ಎರಡೂ ರೆಸೊನೆನ್ಸ್ ರೂಪಗಳಿಗೆ 1, ಆಲ್ಕಾಕ್ಸೈಡ್‌ಗೆ 1)

4. ಬೆಂಜೀನ್ ನೈಟ್ರೇಷನ್. NO₂⁺ ತಯಾರಾಗಿದೆ ಎಂದುಕೊಂಡು ಅಲ್ಲಿಂದ ಮುಂದಕ್ಕೆ ಬರೆಯಿರಿ. (ದಾಳಿ ಮತ್ತು H⁺ ಬಿಡುವ ಬಾಣಗಳಿಗೆ 2, ಅರೇನಿಯಂ ಅಯಾನಿನ ಮೂರು ರೂಪಗಳಿಗೆ 2, + ಚಿಹ್ನೆ ಮರೆತರೆ ರೂಪಕ್ಕೆ ½ ಕಡಿತ)