ಅರಳಿಕಟ್ಟೆ ಗಣಪನ ಗುಡಿಗೆ ಬನ್ನಿ

॥ ಶ್ರೀ ಮಹಾಗಣಪತಯೇ ನಮಃ ॥

ಪ್ರಾಣ ಪ್ರತಿಷ್ಠೆ ಮತ್ತು ಕುಂಭಾಭಿಷೇಕದ ಕರೆಯೋಲೆ
ಹನುಮಂತನಗರ, ಬೆಂಗಳೂರು

ಬಂಧುಗಳೇ, ನೆರೆಹೊರೆಯವರೇ, ನಿಮಗೆ
ಚಂದದ ಸುದ್ದಿಯ ಕರೆಯೋಲೆ:
ಅರಳಿಯ ಮರದಡಿ ಕುಳಿತಿಹ ಗಣಪಗೆ
ನೆರಳಿನ ಜೊತೆಗಿದೆ ಗುಡಿ ಇನ್ಮೇಲೆ.

ಅಜ್ಜಂದಿರ ದಿನದಿಂದಲು ಇವನಿಗೆ
ಎಲೆಗಳೆ ಕೊಡೆಯು, ಕಟ್ಟೆಯೆ ಪೀಠ.
ಹಾಲಿನ ಹುಡುಗನು ಸೈಕಲು ನಿಲ್ಲಿಸಿ
ಮೊದಲಿಗೆ ಇವನಿಗೆ ಕೈಮುಗಿಯುವನು.
ಪರೀಕ್ಷೆಯ ದಿನವೋ, ಮಕ್ಕಳ ಸಾಲು!
ಮೂರೇ ಸುತ್ತಿಗೆ ಧೈರ್ಯ ಕೊಡುವನು.
ಹೊಸ ಸ್ಕೂಟರಿಗೂ ಇಲ್ಲೇ ಪೂಜೆ,
ಚಕ್ರದ ಅಡಿಗೆ ನಿಂಬೆಯ ಹಣ್ಣು.
ಬೀದಿಯ ಯಾವ ಮದುವೆಯ ಪತ್ರಿಕೆ
ಇವನೆದುರಿಗೆ ಮೊದಲಿಡಲಿಲ್ಲ, ಹೇಳಿ?

ಗುಡಿಯನು ಕಟ್ಟುವ ಆಸೆ ಹಿರಿಯರದು,
ಹಣ ಕೂಡಿಸಿದ್ದು ಮನೆಮನೆಯವರು.
ಹೂವನು ಕಟ್ಟಿ ಮಾರುವ ತಾಯಿ
ಚಿಲ್ಲರೆ ಡಬ್ಬಿಯ ತಂದೇ ಸುರಿದರು.
ಮರವನು ಮಾತ್ರ ಮುಟ್ಟಲೆ ಇಲ್ಲ,
ಕೊಂಬೆಗೆ ಜಾಗ ಬಿಟ್ಟೇ ಸೂರು.
ನಾಗರ ಕಲ್ಲು ಇದ್ದಲ್ಲೇ ಇವೆ,
ಹಳೆಯ ಗಣಪನೂ ಕಟ್ಟೆಯ ಮೇಲೆ.
ಒಳಗಡೆ ಹೊಸಬ, ಕೃಷ್ಣಶಿಲೆಯವ;
ಮೊದಲಾರತಿ ಆ ಹಿರಿಯನಿಗೇನೆ.

ಪರಾಭವ ನಾಮ ಸಂವತ್ಸರದಲಿ,
ವೈಶಾಖ ಮಾಸದ ಶುಕ್ಲ ಪಕ್ಷದಲಿ,
ಅಕ್ಷಯ ತದಿಗೆ, ರೋಹಿಣಿ ಕೂಡಿದ
ಸೋಮವಾರದ ಬೆಳಗಿನ ಹೊತ್ತು,
2026, ಏಪ್ರಿಲ್ 20,
6.15ಕ್ಕೆ ಮುಹೂರ್ತ ಶುರು.
7.10ರೊಳಗೇ ಪ್ರಾಣ ಪ್ರತಿಷ್ಠೆ,
ಏಳೂವರೆಗೆ ರಾಹುಕಾಲ ಅಲ್ವಾ!
ಬಸವ ಜಯಂತಿ, ರಜೆಯೂ ಅಂದು,
ಮನೆಮಂದಿಯೆಲ್ಲ ಕೂಡಿಯೇ ಬನ್ನಿ.

ಏಪ್ರಿಲ್ 18, ಶನಿವಾರ, ಸಂಜೆ 5ರಿಂದ

ಗೋವಿಗೆ ಪೂಜೆ ಮಾಡಿಯೇ ಶುರುವು.
ಹೆಣ್ಣುಮಕ್ಕಳು ಕಲಶವ ಹೊತ್ತು
ಗಂಗೆಯ ತರುವರು, ಮುಂದೆ ನಾದಸ್ವರ,
ಬೀದಿಯ ತುಂಬ ಡೋಲಿನ ಸದ್ದು.
ಪುಣ್ಯಾಹ, ವಾಸ್ತು, ರಾಕ್ಷೋಘ್ನ ಹೋಮ,
ರಾತ್ರಿಗೆ ಮೂರ್ತಿಗೆ ಜಲಾಧಿವಾಸ.
ಕಣ್ಣಿಗೆ ಕಾಣದ ಬಿರುಕಿದ್ದರೆ ಆ
ನೀರೇ ಹೇಳುವುದು, ಗುಳ್ಳೆಯನೆಬ್ಬಿಸಿ.

ಏಪ್ರಿಲ್ 19, ಭಾನುವಾರ, ಬೆಳಿಗ್ಗೆ 8ರಿಂದ

ಧಾನ್ಯಾಧಿವಾಸ. ಇಲ್ಲೊಂದು ಕೋರಿಕೆ,
ಮನಸಿಟ್ಟು ಓದಿ, ಮರೆಯಲೆ ಬೇಡಿ.
ಹಾರವು ಬೇಡ, ಶಾಲೂ ಬೇಡ,
ಕಾಣಿಕೆ ಕವರು ಖಂಡಿತ ಬೇಡ.
ನಿಮ್ಮಡುಗೆ ಮನೆಯ ಅಕ್ಕಿಯ ಡಬ್ಬಿಯ
ಒಂದೇ ಒಂದು ಪಾವನು ತನ್ನಿ.
ಸೋನಾ ಮಸೂರಿ, ರೇಷನ್ ಅಕ್ಕಿ,
ಯಾವುದೆ ಇರಲಿ, ಭೇದವೆ ಇಲ್ಲ.
ಎಲ್ಲರ ಅಕ್ಕಿಯು ಒಂದೇ ರಾಶಿ,
ಅದರಲಿ ಮುಳುಗಿ ಗಣಪ ಮಲಗುವನು.
ಮರುದಿನ ಅದೇ ಅಕ್ಕಿಯು ಬೆಂದು
ಅನ್ನವಾಗಿ ನಮ್ಮೆಲೆಗೆ ಬರುವುದು.
ಯಾರ ಮನೆಯದು ಯಾರ ಎಲೆಗೋ!
ನಮಗೆ ಪ್ರಸಾದ ಅಂದರೆ ಅದುವೇ.

ಸಂಜೆ 6ಕ್ಕೆ ಶಯ್ಯಾಧಿವಾಸ,
ಹಾಸಿಗೆ, ದಿಂಬು, ಹೊಸ ಹೊದಿಕೆ.
ಅಜ್ಜಿಯರೇ, ನೀವು ಬರಲೇಬೇಕು,
ಜೋಗುಳ ಬರುವುದು ನಿಮಗೇ ಜಾಸ್ತಿ.

ಏಪ್ರಿಲ್ 20, ಸೋಮವಾರ, ಬೆಳಗಿನ ಜಾವ 4.30ರಿಂದ

108 ಕಾಯಿಯ ಗಣಹೋಮ ಮೊದಲು.
ಪೀಠದ ಕೆಳಗೆ ನವರತ್ನವಿಟ್ಟು
ಅಷ್ಟಬಂಧದಲಿ ಮೂರ್ತಿಯ ಬೆಸೆದು,
ಆಮೇಲೆ ಕಣ್ಣು ತೆರೆಯುವ ಗಳಿಗೆ.
ಮೊದಲಿನ ನೋಟ ನಮಗಲ್ಲ, ಕನ್ನಡಿಗೆ;
ಅದರ ಹಿಂದೆ ಹಸುವಿಗೆ, ಕರುವಿಗೆ.
ಅಲ್ಲಿವರೆಗೂ ಬಾಗಿಲ ಮುಂದೆ
ದಯವಿಟ್ಟು ಯಾರೂ ನಿಲ್ಲಲೆ ಬೇಡಿ.
ಪ್ರಾಣ ಪ್ರತಿಷ್ಠೆ, ಗಂಟೆಯ ನಾದ,
ಗರ್ಭಗುಡಿಯಲಿ ಮೊದಲಿನ ದೀಪ!

9.15ಕ್ಕೆ ಶಿಖರದ ಕಲಶಕೆ
ಕುಂಭಾಭಿಷೇಕ, ತಲೆಯೆತ್ತಿ ನಿಲ್ಲಿ.
ಮೇಲಿನ ನೀರು ಹನಿಹನಿಯಾಗಿ
ಎಲ್ಲರ ನೆತ್ತಿಗೂ ಬೀಳಲಿ, ತಾಗಲಿ.
11ಕ್ಕೆ ಪೂರ್ಣಾಹುತಿ, ಮಹಾಮಂಗಳಾರತಿ,
12.30ರಿಂದ ಅನ್ನಸಂತರ್ಪಣೆ.
ಕೋಸಂಬರಿ, ಹುಳಿ, ಪಾಯಸ, ಕಡುಬು,
ನಿಧಾನವಾಗಿ ಕುಳಿತೇ ಉಣ್ಣಿ.
ಅಂದಿನಿಂದ 48 ದಿನವೂ
ಮಂಡಲ ಪೂಜೆ, ಜೂನ್ 6ರವರೆಗೆ,
ದಿನವೂ ಬೆಳಿಗ್ಗೆ 7ಕ್ಕೆ ಅಭಿಷೇಕ.

ಹಿರಿಯರೆ, ನಿಮ್ಮಲಿ ಬೇಡುವುದಿಷ್ಟೇ:
ಅಕ್ಷತೆ ಹಾಕಿ ಹರಸಿರಿ ನಮ್ಮನು.
ಕಲ್ಲನು ಕೆತ್ತಿದ ಕೈಗಳ ಹರಸಿ,
ಕಟ್ಟಿದ ಮೇಸ್ತ್ರಿ, ಕೂಲಿಯವರನ್ನು.
ಗುಡಿಯನು ಕಾಣದೆ ಹೋದರು ಹಲವರು,
ಕಟ್ಟೆಯ ಕಸವನು ಗುಡಿಸಿದವರು;
ಅವರನು ನೆನೆದು ಒಂದು ಹೂವಿಡಿ.
ಮಕ್ಕಳಿಗೆ ವಿದ್ಯೆ, ಕೆರೆಗಳಿಗೆ ನೀರು,
ಮರಕ್ಕೆ ಆಯುಸ್ಸು ಬರಲೆಂದು ಹೇಳಿ.

ಯಲಹಂಕ, ವೈಟ್‌ಫೀಲ್ಡ್ ಸೇರಿದ ಮಕ್ಕಳೇ,
ಈ ನೆರಳಲಿ ಆಡಿ ಬೆಳೆದವರೇ, ಬನ್ನಿ.
ಎಲ್ಲರ ಮನೆಗೂ ಬರಲಾಗಲಿಲ್ಲ;
ಕುಂಕುಮವಿಟ್ಟು ಬಾಗಿಲಿಗೆ ಬಂದು
ಕರೆದೆವು ಎಂದೇ ತಿಳಿಯಿರಿ ಇದನು.

ಸ್ಥಳ: ಅರಳಿಕಟ್ಟೆ, ರಾಮಾಂಜನೇಯ ಗುಡ್ಡದ ಹತ್ತಿರ, ಹನುಮಂತನಗರ, ಬೆಂಗಳೂರು. ಗಾಡಿ ನಿಲ್ಲಿಸಲು ಜಾಗ ಕಡಿಮೆ. ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದಲ್ಲಿ ಇಳಿದು ಆಟೋದಲ್ಲಿ ಬನ್ನಿ. ಮೆಟ್ಟಿಲು ಹತ್ತಲಾಗದ ಹಿರಿಯರಿಗೆ ಪಕ್ಕದಲ್ಲಿ ಇಳಿಜಾರಿನ ದಾರಿ ಇದೆ, ಮರದಡಿ ಕುರ್ಚಿಗಳೂ ಇರುತ್ತವೆ.

ನಿಮ್ಮ ಬರವನ್ನೇ ಕಾಯುವ
ಅರಳಿಕಟ್ಟೆ ಬೀದಿಯ ಎಲ್ಲ ಮನೆಯವರು