ದಾವಣಗೆರೆ–ಚಿತ್ರದುರ್ಗ ಕಾರು ಪಾಳಿ: ಡಿಸೆಂಬರ್ 2025

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ತಿಂಗಳ ಪಾಳಿ ಪಟ್ಟಿ ಇದು. ಹೊಸದಾಗಿ ಸೇರಿದ ತಿಪ್ಪೇಸ್ವಾಮಿ ಸರ್‌ಗೂ ಗೊತ್ತಾಗಲಿ ಅಂತ ನಿಯಮಗಳನ್ನೂ ಜೊತೆಗೆ ಬರೆದಿದ್ದೇನೆ. ಗಾಡಿ ಮೂರು: ಮಂಜುನಾಥ್, ಶೋಭಾ ಮೇಡಂ, ರುದ್ರೇಶ್ ಅವರದು. ಗಾಡಿ ಇಲ್ಲದವರು ತಿಪ್ಪೇಸ್ವಾಮಿ ಸರ್ ಮತ್ತು ನಾನು. ಲೆಕ್ಕ ಬರೆಯುವ ಕೆಲಸ ನನ್ನದು. ಓಡಿಸುವವರೇ ಲೆಕ್ಕವನ್ನೂ ಇಟ್ಟರೆ ಸರಿ ಇರಲ್ಲ.

ಪಾಳಿ

1 ಸೋಮ – ಮಂಜುನಾಥ್
2 ಮಂಗಳ – ಶೋಭಾ
3 ಬುಧ – ರುದ್ರೇಶ್
4 ಗುರು – ಮಂಜುನಾಥ್
5 ಶುಕ್ರ – ಶೋಭಾ
6 ಶನಿ – ರುದ್ರೇಶ್

8 ಸೋಮ – ಮಂಜುನಾಥ್
9 ಮಂಗಳ – ಶೋಭಾ
10 ಬುಧ – ರುದ್ರೇಶ್
11 ಗುರು – ಮಂಜುನಾಥ್
12 ಶುಕ್ರ – ಶೋಭಾ
13 ಎರಡನೇ ಶನಿವಾರ, ರಜೆ

15 ಸೋಮ – ರುದ್ರೇಶ್
16 ಮಂಗಳ – ಮಂಜುನಾಥ್
17 ಬುಧ – ಶೋಭಾ
18 ಗುರು – ರುದ್ರೇಶ್
19 ಶುಕ್ರ – ಮಂಜುನಾಥ್
20 ಶನಿ – ಶೋಭಾ

22 ಸೋಮ – ರುದ್ರೇಶ್
23 ಮಂಗಳ – ಮಂಜುನಾಥ್
24 ಬುಧ – ಶೋಭಾ
25 ಗುರು – ಕ್ರಿಸ್‌ಮಸ್ ರಜೆ
26 ಶುಕ್ರ – ರುದ್ರೇಶ್
27 ನಾಲ್ಕನೇ ಶನಿವಾರ, ರಜೆ

29 ಸೋಮ – ಮಂಜುನಾಥ್
30 ಮಂಗಳ – ಶೋಭಾ
31 ಬುಧ – ರುದ್ರೇಶ್

ಒಟ್ಟು 24 ದಿನ, ಒಬ್ಬೊಬ್ಬರಿಗೆ ಎಂಟೆಂಟು. ಸೋಮವಾರ ಇವರಿಗೆ, ಮಂಗಳವಾರ ಅವರಿಗೆ ಅಂತ ವಾರ ಕಟ್ಟಿಲ್ಲ. ಹಾಗೆ ಕಟ್ಟಿದರೆ ಶನಿವಾರದವರಿಗೆ ತಿಂಗಳಲ್ಲಿ ಎರಡು ರಜೆ ಸುಮ್ನೆ ಸಿಗುತ್ತದೆ. ರಜೆ ಬಂದರೆ ಪಾಳಿ ಅಲ್ಲೇ ನಿಂತಿರುತ್ತದೆ, ಮುಂದಿನ ಕೆಲಸದ ದಿನ ಅಲ್ಲಿಂದಲೇ ಶುರು. ಜನವರಿ 1 ಗುರುವಾರ ಮಂಜುನಾಥ್ ಅವರದು. ಶೋಭಾ ಮೇಡಂಗೆ ಈ ತಿಂಗಳು ಒಂದೂ ಸೋಮವಾರ ಬಂದಿಲ್ಲ. ಅದು ಕ್ಯಾಲೆಂಡರ್ ಮಾಡಿದ ಉಪಕಾರ, ನಾನು ಮಾಡಿದ್ದಲ್ಲ!

ಅದಲುಬದಲು ಬೇಕಿದ್ದರೆ ಓಡಿಸುವವರಿಬ್ಬರೇ ಮಾತಾಡಿಕೊಂಡು ನನಗೆ ತಿಳಿಸಿ. ಬಿಟ್ಟ ಪಾಳಿಯನ್ನು ಅದೇ ತಿಂಗಳೊಳಗೆ ತೀರಿಸಬೇಕು. ಮುಂದಿನ ತಿಂಗಳಿಗೆ ಎಳೆದರೆ ಆಮೇಲೆ ಯಾರಿಗೂ ನೆನಪಿರಲ್ಲ.

ಹತ್ತುವ ಜಾಗ

ವಿದ್ಯಾನಗರ (ಶೋಭಾ) – 8:00
ಗುಂಡಿ ಸರ್ಕಲ್ (ಮಂಜುನಾಥ್) – 8:08
ಅರುಣಾ ಟಾಕೀಸ್ ಸರ್ಕಲ್ (ಅನಿತಾ) – 8:15
ಆವರಗೆರೆ (ರುದ್ರೇಶ್) – 8:30
ಭರಮಸಾಗರ (ತಿಪ್ಪೇಸ್ವಾಮಿ) – 9:05
ಚಿತ್ರದುರ್ಗ, ಓಬವ್ವ ಸರ್ಕಲ್ – 9:40

ಯಾರಿಗೇ ಆಗಲಿ ಕಾಯುವುದು ಮೂರು ನಿಮಿಷ. "ಬಂದೆ ಬಂದೆ, ಗೇಟ್ ಹತ್ರ ಇದೀನಿ" ಅಂದರೂ ಮೂರೇ ನಿಮಿಷ. ಗಾಡಿ ತಪ್ಪಿದರೆ ಬಸ್ ಹಿಡಿಯಿರಿ. ಆ ದಿನದ ಪಾಲು ಹೇಗಿದ್ದರೂ ಕೊಡಬೇಕು.

ರುದ್ರೇಶ್ ಓಡಿಸುವ ದಿನ ಒಂದು ತೊಡಕಿದೆ. ಅವರ ಮನೆ ದುರ್ಗದ ಕಡೆಗೇ ಇದೆ. ವಿದ್ಯಾನಗರದ ತನಕ ವಾಪಸ್ ಬಂದರೆ ಬೆಳಗಿನ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಹಾಳು. ಅದಕ್ಕೆ ಅವರ ಎಂಟು ದಿನ ಗಾಡಿ ಅರುಣಾ ಸರ್ಕಲ್‌ನಿಂದ ಹೊರಡುತ್ತದೆ. ಶೋಭಾ ಮೇಡಂ ಮತ್ತು ಮಂಜುನಾಥ್ 8:15ಕ್ಕೆ ಅಲ್ಲಿಗೇ ಬರಬೇಕು, ಆಟೋ ಖರ್ಚು ಅವರವರದು. ಇದಕ್ಕೆ ಬದಲಾಗಿ, ಅವರಿಬ್ಬರು ಓಡಿಸುವ ಸಂಜೆ ರುದ್ರೇಶ್ ಆವರಗೆರೆಯಲ್ಲಿ ಮೇನ್ ರೋಡಿನಲ್ಲೇ ಇಳಿಯುತ್ತಾರೆ, ಮನೆ ಬಾಗಿಲವರೆಗೆ ಬಿಡಿ ಅನ್ನುವ ಹಾಗಿಲ್ಲ.

ಭರಮಸಾಗರದಲ್ಲಿ ಹೈವೇ ಮೇಲೆ ಗಾಡಿ ನಿಲ್ಲಿಸಲೇಬಾರದು. ಹಿಂದಿನಿಂದ ಲಾರಿ ಬರುವ ವೇಗ ಎಲ್ಲರಿಗೂ ಗೊತ್ತೇ ಇದೆ. ಸರ್ವಿಸ್ ರಸ್ತೆಗೆ ಇಳಿದು ಹತ್ತಿಸಿಕೊಳ್ಳಿ. ಎರಡು ನಿಮಿಷ ಜಾಸ್ತಿ ಹೋದರೂ ಪರವಾಗಿಲ್ಲ. ತಿಪ್ಪೇಸ್ವಾಮಿ ಸರ್ ಕೊನೆಗೆ ಹತ್ತಿ, ಮೊದಲು ಇಳಿಯುವವರು. ಹಿಂದೆ ಎಡಗಡೆ ಬಾಗಿಲ ಸೀಟು ಅವರಿಗೇ ಇರಲಿ. ಮಧ್ಯದ ಸೀಟನ್ನು ಉಳಿದವರು ದಿನಕ್ಕೊಬ್ಬರಂತೆ ಹಂಚಿಕೊಳ್ಳೋಣ.

ಸಂಜೆ 5:45ಕ್ಕೆ ಓಬವ್ವ ಸರ್ಕಲ್‌ನಿಂದ ಹೊರಡುವುದು. ಮೀಟಿಂಗ್ ಲೇಟಾಗುತ್ತದೆ ಅಂತ ಗೊತ್ತಿದ್ದರೆ ನಾಲ್ಕೂವರೆಯೊಳಗೆ ಹೇಳಿ. ಓಡಿಸುವವರೇ ಲೇಟಾದರೆ ಮಾತ್ರ 6:15ರವರೆಗೆ ಕಾಯುತ್ತೇವೆ. ಆಮೇಲೆ ಬಸ್‌ಸ್ಟ್ಯಾಂಡ್ ಕಡೆ ನಡೆದುಬಿಡುತ್ತೇವೆ. ಆ ದಿನ ಎಲ್ಲರದೂ ಅರ್ಧ ಪಾಲು.

ಖರ್ಚು

ಹೋಗಿ ಬರಲು 130 ಕಿ.ಮೀ. ಹಿಡಿದಿದ್ದೇವೆ. ಲೀಟರಿಗೆ 16 ಕಿ.ಮೀ. ಮೈಲೇಜ್, ಪೆಟ್ರೋಲ್ 104 ರೂಪಾಯಿ ಅಂತಿಟ್ಟರೆ 845 ರೂ. ಟಯರ್, ಆಯಿಲ್, ಸರ್ವಿಸ್‌ಗೆ ಕಿಲೋಮೀಟರಿಗೆ 1 ರೂಪಾಯಿಯಂತೆ 130. ಹೆಬ್ಬಾಳು ಟೋಲ್ 30. ಒಟ್ಟು 1,005.

ದಾವಣಗೆರೆಯ ನಾಲ್ವರಿಗೆ ದಿನಕ್ಕೆ 220, ಭರಮಸಾಗರದಿಂದ ಹತ್ತುವವರಿಗೆ ಅರ್ಧ, ಅಂದರೆ 110. ಓಡಿಸುವವರ ಪಾಲೂ ಸೇರಿ 990 ಆಯಿತು. ಉಳಿದ 15 ಆ ದಿನ ಗಾಡಿ ತಂದವರ ತಲೆಗೆ. ಚಿಲ್ಲರೆಗೆ ಜಗಳ ಬೇಡ. ನಿಮ್ಮ ಗಾಡಿ ಲೀಟರಿಗೆ 20 ಕೊಟ್ಟರೆ ಲಾಭ ನಿಮ್ಮದೇ, 13 ಕೊಟ್ಟರೆ ಮೆಕ್ಯಾನಿಕ್‌ಗೆ ತೋರಿಸಿ.

ಟೋಲ್ 30 ಹೇಗೆ ಅಂತ ತಿಪ್ಪೇಸ್ವಾಮಿ ಸರ್ ಕೇಳಿದ್ದರು. ಆಗಸ್ಟ್ 15ರಿಂದ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ 3,000 ರೂಪಾಯಿಗೆ 200 ಸಲ ಅಥವಾ ಒಂದು ವರ್ಷ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ. ಒಂದು ಸಲಕ್ಕೆ 15 ಬಿತ್ತು. ತಿಂಗಳಿಗೆ ಎಂಟು ಪಾಳಿ ಅಂದರೆ 16 ಸಲ, ವರ್ಷಕ್ಕೆ 192. ನಮಗೋಸ್ಕರವೇ ಹೊಲಿಸಿದ ಹಾಗಿದೆ, ಅಲ್ವಾ? ಮೂವರೂ ಪಾಸ್ ಮಾಡಿಸಿದ್ದಾರೆ. ಆದರೆ ಮನೆಯವರ ಜೊತೆ ಬೆಂಗಳೂರಿಗೆ ಹೋಗಿ ಬಂದು ಪಾಸ್ ಬೇಗ ಖಾಲಿಯಾದರೆ ಅದು ಗುಂಪಿನ ಲೆಕ್ಕಕ್ಕೆ ಬರುವುದಿಲ್ಲ.

ಯಾರೂ ತಪ್ಪಿಸದಿದ್ದರೆ ತಿಂಗಳ ಕೊನೆಗೆ ನಾನು 5,280, ತಿಪ್ಪೇಸ್ವಾಮಿ ಸರ್ 2,640 ಕೊಡಬೇಕು. ಒಟ್ಟು 7,920. ಗಾಡಿ ತರುವ ಮೂವರು ತಮ್ಮತಮ್ಮಲ್ಲಿ ಕೊಟ್ಟು ತೆಗೆದುಕೊಳ್ಳುವುದೆಲ್ಲ ವಜಾ ಆಗಿ, ಒಬ್ಬೊಬ್ಬರಿಗೆ 2,640 ಬರುತ್ತದೆ. ದಿನಾ ದಿನಾ ಫೋನ್‌ಪೇ ಮಾಡುತ್ತ ಕೂರುವುದು ಬೇಡ.

ರಜೆ ಹಾಕಿದರೆ? ಹಿಂದಿನ ರಾತ್ರಿ 9ರೊಳಗೆ ಹೇಳಿದರೆ ತಿಂಗಳಿಗೆ ಎರಡು ದಿನ ಪಾಲು ಇಲ್ಲ. ಮೂರನೇ ದಿನದಿಂದ ಅರ್ಧ. ಹೇಳದೆ ತಪ್ಪಿಸಿದರೆ ಪೂರ್ತಿ. ಒಂದು ಕಡೆ ಮಾತ್ರ ಬಂದರೂ ಅರ್ಧ. ಸೀಟು ಖಾಲಿ ಇದ್ದರೂ ಪೆಟ್ರೋಲ್ ಅಷ್ಟೇ ಸುಡುತ್ತದೆ, ಆದರೆ ಹುಷಾರಿಲ್ಲದವರ ಹತ್ತಿರ ಪೂರ್ತಿ ವಸೂಲಿ ಮಾಡುವುದು ನನಗೆ ಸರಿ ಕಾಣಲಿಲ್ಲ. ಮೂವರಿಗಿಂತ ಕಡಿಮೆ ಜನ ಇದ್ದರೆ ಆ ದಿನ ಗಾಡಿ ತೆಗೆಯುವುದಿಲ್ಲ, ಪಾಳಿ ಮಾತ್ರ ಮರುದಿನಕ್ಕೆ ಹೋಗುತ್ತದೆ.

ಉಳಿದದ್ದು

ಪಂಕ್ಚರ್, ರಿಪೇರಿ ಗಾಡಿಯವರದು. ಸ್ಪೀಡ್ ದಂಡ ಓಡಿಸಿದವರದು. "ನೀವೇ ಬೇಗ ಹೋಗಿ ಅಂದ್ರಿ" ಅನ್ನುವ ವಾದ ನಡೆಯಲ್ಲ. ಹಿಂದೆ ಕೂತವರೂ ಬೆಲ್ಟ್ ಹಾಕಬೇಕು.

ನಮ್ಮದು ಬಿಳಿ ಬೋರ್ಡ್ ಗಾಡಿಗಳು. ಬಾಡಿಗೆಗೆ ಓಡಿಸುವ ಹಾಗಿಲ್ಲ, ನಾವು ಹಂಚಿಕೊಳ್ಳುವುದು ಖರ್ಚನ್ನು ಮಾತ್ರ. ಆದ್ದರಿಂದ ದಾರಿಯಲ್ಲಿ ಕೈ ತೋರಿಸಿದವರನ್ನು ದುಡ್ಡಿಗೆ ಹತ್ತಿಸಿಕೊಳ್ಳಬೇಡಿ. ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರುವ ಗಾಡಿ ಪಾಳಿಗೆ ಬೇಡ, ಫುಲ್ ಇನ್ಶೂರೆನ್ಸ್ ಇರಲೇಬೇಕು. ಪಾಲಿಸಿಯ ಮೊದಲ ಪುಟದ ಫೋಟೋ ಮೂವರೂ ನನಗೆ ಕಳಿಸಿ. ಮಂಜುನಾಥ್, ನಿಮ್ಮದು ಇನ್ನೂ ಬಂದಿಲ್ಲ.

ಮಂಡಕ್ಕಿ ಮೆಣಸಿನಕಾಯಿ ಗಾಡಿಯೊಳಗೆ ತಿನ್ನುವುದು ಬೇಡ ಅಂತ ಶೋಭಾ ಮೇಡಂ ಆಜ್ಞೆ. ಸೀಟಿಗೆ ಎಣ್ಣೆ ಹತ್ತುತ್ತದೆ. ಇಳಿದು ತಿಂದರೆ ಅಭ್ಯಂತರ ಇಲ್ಲ.

ಪಾಳಿಯಲ್ಲಿ ಏನಾದರೂ ಬದಲಾಗಬೇಕಿದ್ದರೆ ನವೆಂಬರ್ 29ರ ಸಂಜೆಯೊಳಗೆ ಹೇಳಿ. ಡಿಸೆಂಬರ್ 31ರ ರಾತ್ರಿ ಲೆಕ್ಕ ಕಳಿಸುತ್ತೇನೆ, ಜನವರಿ 3ರೊಳಗೆ ಹಣ ಹಾಕಿ.

– ಅನಿತಾ